ಮಣಿಕಟ್ಟಿನ ಪಾಠ

ಅರವತ್ತರ ದಶಕದ ಕೊನೆಯಲ್ಲಿ ಹಾಸನದ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಪಾಠ ಹೇಳಲು ವಾರ್ಡಿನಿಂದ ಆರಿಸಿದ ಕೆಲವು ನರ್ಸುಗಳಲ್ಲಿ ನಾನೂ ಒಬ್ಬಳು. ಬೆಂಗಳೂರಿನಲ್ಲಿ ತರಬೇತಿ ಪಡೆದು ಬಂದಿದ್ದ ಹಿರಿಯ ಟ್ಯೂಟರ್ ಅಮ್ಮನವರು ನಮಗೆ ಮೈಕ್ರೋಟೀಚಿಂಗ್ ಮಾಡಿಸುತ್ತಿದ್ದರು. ಹತ್ತೇ ನಿಮಿಷದ ಪಾಠ. ಮೊದಲು ಗುರಿ ಹೇಳಬೇಕು, ನಡುವೆ ಪ್ರಶ್ನೆ ಕೇಳಬೇಕು, ಕೊನೆಗೆ ಕಲಿತದ್ದನ್ನು ಹುಡುಗಿಯರಿಂದಲೇ ಹೇಳಿಸಿ ಮುಗಿಸಬೇಕು. ಸಮಯ ನೋಡಿ ಗಂಟೆ ಹೊಡೆಯುವ ಕೆಲಸ ನನ್ನದು.

ನನ್ನ ರೂಮಿನ ಗೆಳತಿ ಮಲ್ಲಿಪಟ್ಟಣದ ಕಡೆಯವಳು. ವಾರ್ಡಿನ ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ನಾಡಿ ನೋಡುವ ಪಾಠಕ್ಕೆ ನಿಂತವಳು ಡ್ಯೂಟಿ ಬದಲಾಗುವಾಗ ವರದಿ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಒದರಿದಳು. ಪ್ರಶ್ನೆ ಕೇಳಿದ ತಕ್ಷಣ ಉತ್ತರವನ್ನೂ ತಾನೇ ಹೇಳಿಬಿಡುತ್ತಿದ್ದಳು. ಗೊತ್ತಿದ್ದುದನ್ನೆಲ್ಲ ಹೇಳುತ್ತಲೇ ಹೋದದ್ದರಿಂದ, ಮುಕ್ತಾಯಕ್ಕೆ ಬರುವ ಮುಂಚೆಯೇ ನಾನು ಗಂಟೆ ಹೊಡೆಯಬೇಕಾಯಿತು.

"ಪ್ರಶ್ನೆ ಕೇಳಿದ್ರಿ, ಕಾಯಲಿಲ್ಲ" ಎಂದರು ಅಮ್ಮನವರು. "ನಾಳೆ ಬೇರೆ ಹುಡುಗೀರ ಮುಂದೆ ಇದೇ ಪಾಠ ಮತ್ತೆ ಮಾಡಿ. ಆಗಲೂ ಆಗದಿದ್ರೆ ವಾರ್ಡಿಗೇ ವಾಪಸ್."

ರೂಮಿಗೆ ಬಂದ ಮೇಲೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಡಾಕ್ಟ್ರು ಕೇಳುದ್ರೆ ತಕ್ಷಣ ಹೇಳ್ಬೇಕು, ಇಲ್ದಿದ್ರೆ ಬೈಗುಳ. ಅಂಗೇ ಬೆಳ್ದಿದೀನಿ ಕಣೇ. ಯಾರಾರ ಸುಮ್ಕಿದ್ರೆ ನಂಗೇ ಎದೆ ಡವಡವ ಅಂತದೆ. ಆದ್ರೂ ನಾನು ಟ್ಯೂಟರ್ ಆಗ್ಲೇಬೇಕು. ನಂಗೆ ಬೈದೇ ಕಲ್ಸುದ್ರು, ನಾನು ಅಂಗೆ ಕಲ್ಸಾಕಿಲ್ಲ."

ನನಗೆ ಪಾಪ ಅನ್ನಿಸಿತು, ಸಿಟ್ಟೂ ಬಂತು. ಬಾಯಿ ಮುಚ್ಚಿಕೊಂಡು ನಿಲ್ಲುವುದು ಅಷ್ಟೇನು ಕಷ್ಟ ಎಂದು ರೇಗಿದೆ.

ಮಾರನೆಯ ದಿನ ಅವಳು ಗುರಿಗಳನ್ನು ಬೋರ್ಡಿನ ಮೇಲೆ ಬರೆದಳು: ನಾಡಿ ಎಲ್ಲಿ ಸಿಗುತ್ತದೆ, ಹೇಗೆ ಹಿಡಿಯಬೇಕು, ಏನನ್ನು ಗಮನಿಸಬೇಕು. ತೋರಿಸಿ ಹೇಳಿದ ಮೇಲೆ ಕೇಳಿದಳು: "ಮೂರು ಬೆರಳಿಡ್ತೀವಿ. ಹೆಬ್ಬೆರಳು ಯಾಕೆ ಇಡಲ್ಲ?"

ಯಾರೂ ಮಾತಾಡಲಿಲ್ಲ. ನನ್ನ ನಾಲಿಗೆಯ ತುದಿಗೆ ಉತ್ತರ ಬಂದು ಕೂತಿತ್ತು. ಅವಳು ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಅದುಮಿಕೊಂಡು, ಮುಖದಲ್ಲಿ ನಗು ಇಟ್ಟುಕೊಂಡು, ನಿಂತೇ ಇದ್ದಳು. ಅದು ಎಷ್ಟು ಕಷ್ಟವೆಂದು ನನಗೆ ಆಗ ಗೊತ್ತಾಯಿತು.

ಹಿಂದಿನ ಬೆಂಚಿನಲ್ಲಿ ಹಳೇಕೋಟೆಯ ಹುಡುಗಿಯೊಬ್ಬಳು ಮೆಲ್ಲಗೆ ಎದ್ದಳು. ಸೇರಿದಾಗಿನಿಂದ ಕ್ಲಾಸಿನಲ್ಲಿ ಬಾಯಿಬಿಟ್ಟವಳಲ್ಲ. ತನ್ನ ಹೆಬ್ಬೆರಳನ್ನು ಒತ್ತಿ ನೋಡಿಕೊಳ್ಳುತ್ತಾ, "ಸಿಸ್ಟರ್, ಇದ್ರಲ್ಲೂ ನಾಡಿ ಬಡ್ಕೊತದೆ. ಯಾರ್ದು ಅಂತ ಗೊತ್ತಾಗಾಕಿಲ್ಲ" ಎಂದಳು.

ಯಾರೂ ಹೇಳಿಕೊಡದ್ದನ್ನು ಆ ಮಗು ನಮ್ಮ ಕಣ್ಣೆದುರೇ ಕಂಡುಕೊಂಡಿತ್ತು.

ಗೆಳತಿ ಮುಕ್ತಾಯಕ್ಕೆ ಬಂದಳು. ಬೋರ್ಡಿನ ಒಂದೊಂದು ಗುರಿಯನ್ನೂ ತೋರಿಸಿ ಹುಡುಗಿಯರಿಂದಲೇ ಹೇಳಿಸಿದಳು. ಕೊನೆಗೆ, "ಈಗ ಪಕ್ಕದವರ ನಾಡಿ ಹಿಡೀರಿ. ಪೂರ್ತಿ ಒಂದು ನಿಮಿಷ" ಎಂದಳು. ಇಡೀ ಕೋಣೆ ಸ್ತಬ್ಧವಾಯಿತು. ಈ ಸಲ ಆ ಮೌನಕ್ಕೆ ಅವಳು ಹೆದರಲಿಲ್ಲ.

"ಸೋಮವಾರದಿಂದ ಈ ಕ್ಲಾಸು ನಿಮ್ದು" ಎಂದರು ಅಮ್ಮನವರು. ಆಮೇಲೆ ನನ್ನತ್ತ ತಿರುಗಿ, ಹತ್ತು ನಿಮಿಷ ಆಗಿಹೋಯ್ತು, ಗಂಟೆ ಎಲ್ಲಿ ಹೋಯ್ತಮ್ಮಾ ಎಂದು ಕೇಳಿದರು.

ಗಂಟೆ ಮೇಜಿನ ಮೇಲೇ ಇತ್ತು. ನನ್ನ ಮೂರು ಬೆರಳು ನನ್ನದೇ ಮಣಿಕಟ್ಟಿನ ಮೇಲಿದ್ದವು.