ಹುಕ್ಕೇರಿ ಗೋದಾಮಿನ ಮುದ್ದತು

ಗೋಕಾಕದ ಒಂದು ಹತ್ತಿ ಅಂಗಡಿಗೆ ನಾನು ಕಾರಕೂನನಾಗಿ ಸೇರಿದಾಗ ನನಗೆ ಇಪ್ಪತ್ತಾರು ವರ್ಷ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಮ್ಯಾಟ್ರಿಕ್ ಪಾಸಾಗಿದ್ದೆ, ಇಂಗ್ಲಿಷ್ ಓದುತ್ತಿದ್ದೆ, ಮರಾಠಿಯ ಮೋಡಿ ಅಕ್ಷರವೂ ಬರುತ್ತಿತ್ತು. ಸೊಕ್ಕು ಬರಲು ಇಷ್ಟು ಸಾಕು.

ಆ ವರ್ಷ ನಮ್ಮ ಸಾಹುಕಾರರ ಎರಡೂ ಕಣ್ಣಿಗೆ ಪೊರೆ ಬಂತು. ಅದುವರೆಗೆ ಯಾವ ಕರಾರು ಎಂದು ಮುಗಿಯುತ್ತದೆ, ಯಾರಿಗೆ ಎಷ್ಟು ತಿಂಗಳು ಮೊದಲು ನೋಟೀಸು ಕೊಡಬೇಕು ಎಂಬುದೆಲ್ಲ ಅವರ ತಲೆಯಲ್ಲೇ ಇತ್ತು. ಅನುಮಾನ ಬಂದಾಗ ತಗಡಿನ ಟ್ರಂಕು ತೆಗೆದು ಓದಿಕೊಳ್ಳುತ್ತಿದ್ದರು. ಈಗ ಓದಲಾಗದೆ, ಟ್ರಂಕನ್ನು ನನ್ನ ಮುಂದೆ ಇಡಿಸಿ, ಎಲ್ಲವನ್ನೂ ಒಂದೇ ಹಾಳೆಯ ಮೇಲೆ ತಾ ಎಂದರು.

ಒಳಗೆ ಮೂವತ್ತಕ್ಕೂ ಹೆಚ್ಚು ಕರಾರುಗಳಿದ್ದವು, ಕನ್ನಡದವು, ಮೋಡಿಯವು, ಇಂಗ್ಲಿಷಿನವು. ದೊಡ್ಡ ಹಾಳೆಗಳನ್ನು ಅಂಟಿಸಿ ನಾನು ಒಂದು ತಖ್ತೆ ಗೆರೆ ಹೊಡೆದೆ. ಕರಾರು ಯಾರೊಂದಿಗೆ, ಯಾತರದು, ಮುದ್ದತು ಮುಗಿಯುವ ದಿನ, ನೋಟೀಸು ಎಷ್ಟು ತಿಂಗಳು ಮೊದಲು, ಅದು ಕೈಗೆ ಮುಟ್ಟಬೇಕೋ ಟಪಾಲಿಗೆ ಹಾಕಿದರೆ ಸಾಕೋ ಎಂದು ಮನೆಗಳನ್ನು ಮಾಡಿದೆ. ನೋಟೀಸಿನ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲು ಎಚ್ಚರಿಕೆಯ ತಾರೀಖು ಇನ್ನೊಂದು ಮನೆಯಲ್ಲಿ. ಎಲ್ಲಕ್ಕಿಂತ ಮುಖ್ಯವಾದ ಮನೆ, ನಾವು ಸುಮ್ಮನೆ ಕೂತರೆ ಏನಾಗುತ್ತದೆ ಎಂಬುದು. ಮೂಡಲಗಿಯ ಜಿನ್ನಿಂಗ್ ಶೆಡ್ಡಿನ ಕರಾರು ಸುಮ್ಮನಿದ್ದರೆ ವರ್ಷದಿಂದ ವರ್ಷಕ್ಕೆ ತಾನೇ ಮುಂದುವರಿಯುತ್ತಿತ್ತು. ಬೇಡವಾದರೆ ನಾವು ಬಾಯಿ ಬಿಡಬೇಕು. ತುಕ್ಕಾನಟ್ಟಿಯ ರೈತರ ಜೊತೆಗಿನದು, ಸುಗ್ಗಿಯ ಮೊದಲ ಗಾಡಿ ಹತ್ತಿಯನ್ನು ನಾವು ಇಳಿಸಿಕೊಂಡ ಗಳಿಗೆಗೇ ಇನ್ನೊಂದು ವರ್ಷಕ್ಕೆ ಹೊಸದಾಗುತ್ತಿತ್ತು. ಹುಕ್ಕೇರಿಯ ಬಾಡಿಗೆ ಗೋದಾಮು ಇದಕ್ಕೆ ತದ್ವಿರುದ್ಧ. ಅದು ಎರಡು ವರ್ಷದ ಕರಾರು. ಇನ್ನೆರಡು ವರ್ಷ ಬೇಕಿದ್ದರೆ ಮುಗಿಯುವುದಕ್ಕೆ ಮೂರು ತಿಂಗಳು ಮೊದಲು ಮಾಲಕರ ಕೈಗೆ ಬರೆದ ನೋಟೀಸು ಮುಟ್ಟಬೇಕು. ಮುಟ್ಟದಿದ್ದರೆ ದೀಪಾವಳಿಯ ಪಾಡವಾ, ಅಂದರೆ ಬಲಿಪಾಡ್ಯಮಿಯ ದಿನ, ಜಾಗ ಬಿಡಬೇಕು.

ಆ ಜಾಗವೆಂದರೆ ಗೋದಾಮು ಮಾತ್ರವಲ್ಲ. ಹಿಂದೆ ಮೂರು ಅಂಕಣದ ಮನೆಯಿತ್ತು. ನಮ್ಮ ಹುಕ್ಕೇರಿ ಶಾಖೆಯ ಅಂಗಡಿ ನೋಡಿಕೊಳ್ಳುವ ಮುನೀಮರು ತಮ್ಮ ಹೆಂಡತಿ, ಮಗ, ಸೊಸೆಯ ಜೊತೆ ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದರು. ಅರವತ್ತು ದಾಟಿದ ಹಿರಿಯರು, ಲಿಂಗಪೂಜೆ ಮುಗಿಯದೆ ನೀರೂ ಕುಡಿಯದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಪ್ರತಿ ಸಲವೂ ಮಾಲಕರಿಗೆ ನೋಟೀಸು ಮುಟ್ಟಿಸಿ ಸಹಿ ಮಾಡಿಸಿಕೊಂಡು ಬರುತ್ತಿದ್ದವರು ಅವರೇ.

ತಖ್ತೆ ತಯಾರಾದ ಮೇಲೆ ಹುಕ್ಕೇರಿಗೆ ಸಂಬಂಧಿಸಿದ ಸಾಲುಗಳ ನಕಲು ಹಿಡಿದು ಮೋಟಾರಿನಲ್ಲಿ ಹೋದೆ. ಗೋದಾಮಿನ ಕರಾರಿನ ತಲೆಯ ಮೇಲೆ ತಿಥಿಯ ಜೊತೆಗೆ ಇಂಗ್ಲಿಷ್ ತಾರೀಖೂ ಇತ್ತು, ನವೆಂಬರದ ನಡುವಿನದು. ಅದಕ್ಕೆ ಎರಡು ವರ್ಷ ಕೂಡಿಸಿ, ಮೂರು ತಿಂಗಳು ಕಳೆದು, ನೋಟೀಸಿಗೆ ಆಗಸ್ಟಿನ ನಡುವಿನ ದಿನವನ್ನು ಬರೆದಿದ್ದೆ. ಕಾಕಾ ಕನ್ನಡಕ ಏರಿಸಿ ಆ ಸಾಲನ್ನು ಬಹಳ ಹೊತ್ತು ನೋಡಿದರು.

"ಪಾಡವಾ ವರ್ಷಾ ಒಂದ ತಾರೀಖಿಗೆ ಬರೂದಿಲ್ಲರಿ. ಒಮ್ಮೆ ಪಂಚಾಂಗಕ್ಕ ಹಚ್ಚಿ ನೋಡ್ರಿ," ಎಂದರು.

ನಾನು ನಕ್ಕೆ. ಪಂಚಾಂಗ ಲಗ್ನದ ಮುಹೂರ್ತಕ್ಕೆ, ವ್ಯವಹಾರಕ್ಕೆ ಕ್ಯಾಲೆಂಡರು ಎಂದೆ. ಅಷ್ಟಕ್ಕೇ ಬಿಡದೆ, ಇನ್ನು ಮುಂದೆ ತಖ್ತೆಯ ತಾರೀಖು ಬಿಟ್ಟು ಯಾರೂ ಸ್ವಂತ ಬುದ್ಧಿ ಓಡಿಸಬಾರದೆಂದು ಸಾಹುಕಾರರ ಅಪ್ಪಣೆಯಾಗಿದೆ ಎಂದೂ ಹೇಳಿದೆ. ಅಪ್ಪಣೆ ಆಗಿರಲಿಲ್ಲ. ನಾನೇ ಕಟ್ಟಿ ಹೇಳಿದ್ದು. ಕಾಕಾ ನಕಲನ್ನು ಗೋಡೆಗೆ ಅಂಟಿಸಿದರು.

ನಾಗರ ಪಂಚಮಿಯ ದಿನ ನಾನು ಮನೆಯಲ್ಲಿ ಶೇಂಗಾ ಉಂಡಿ ತಿನ್ನುತ್ತ ಕೂತಿದ್ದೆ. ಗೋದಾಮಿನ ಎಚ್ಚರಿಕೆಯ ತಾರೀಖು ಅದೇ ದಿನವಾದ್ದರಿಂದ, ನಾಳೆ ನೋಟೀಸು ಬರೆಯಬೇಕು, ಇನ್ನೂ ಹದಿನೈದು ದಿನ ಕೈಯಲ್ಲಿವೆ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿದೆ. ದೀಪಾವಳಿಗೆ ತವರಿಗೆ ಹೋಗುವ ಯೋಚನೆಯಲ್ಲಿದ್ದ ಅವಳು, ಶ್ರಾವಣ, ಭಾದ್ರಪದ, ಆಶ್ವೀಜ ಎಂದು ಬೆರಳು ಮಡಚಿ, ಪಾಡವಾಕ್ಕೆ ಇನ್ನು ಮೂರು ತಿಂಗಳೂ ಇಲ್ಲ ಎಂದಳು. ಅದು ಹೇಗೆ ಎಂದೆ.

"ಶ್ರಾವಣಾ ಬಂದು ಐದ ದಿನಾ ಆತು. ಉಂಡಿ ತಿನ್ನಾಕತ್ತೀರಿ, ಅಷ್ಟೂ ಗೊತ್ತಾಗಲಿಲ್ಲೇನು?"

ಉಂಡಿ ಕೆಳಗಿಟ್ಟೆ. ಓಡಿಹೋಗಿ ಪಂಚಾಂಗ ತೆಗೆದೆ. ಕರಾರು ಬರೆದದ್ದು ಅಧಿಕ ಮಾಸ ಬಂದ ವರ್ಷ. ಅದಕ್ಕೇ ಆಗ ಪಾಡವಾ ನವೆಂಬರದ ನಡುವೆ ಬಿದ್ದಿತ್ತು. ಆಮೇಲಿನ ಎರಡು ವರ್ಷ ಅಧಿಕವಿರಲಿಲ್ಲ, ಪಾಡವಾ ವರ್ಷಕ್ಕೆ ಹನ್ನೊಂದು ದಿನದ ಲೆಕ್ಕದಲ್ಲಿ ಹಿಂದೆ ಸರಿದು ಅಕ್ಟೋಬರಕ್ಕೆ ಬಂದಿತ್ತು. ಕರಾರಿನ ಮಾತು ಪಾಡವಾದಿಂದ ಪಾಡವಾದವರೆಗೆ ಎಂದಿತ್ತೇ ಹೊರತು ತಾರೀಖಿನಿಂದ ತಾರೀಖಿಗೆ ಎಂದಲ್ಲ. ನೋಟೀಸಿನ ಕೊನೆಯ ದಿನ ನಾಗರ ಅಮಾವಾಸ್ಯೆಯ ಮರುದಿನವೇ ಕಳೆದುಹೋಗಿತ್ತು.

ಮರುದಿನ ಬೆಳಿಗ್ಗೆಯೇ ಹುಕ್ಕೇರಿಗೆ ಹೋದೆ. ಗೋದಾಮಿನ ಮಾಲಕರು ಚಹಾ ಕೊಟ್ಟು, ನೋಟೀಸು ಬರಲಿಲ್ಲವೆಂದು ಮೂರು ದಿನ ಹೆಚ್ಚಿಗೇ ಕಾದೆ, ನಿನ್ನೆ ನಿಪ್ಪಾಣಿಯ ತಂಬಾಕಿನವರಿಗೆ ಮಾತು ಕೊಟ್ಟೆ ಎಂದರು. ಅವರದು ತಪ್ಪೇನೂ ಇರಲಿಲ್ಲ. ಅಲ್ಲಿಂದ ಕಾಕಾ ಹತ್ತಿರ ಬಂದು, ನಿಮಗೆ ಗೊತ್ತಿತ್ತಲ್ಲ, ಯಾಕೆ ಸುಮ್ಮನಿದ್ದಿರಿ ಎಂದು ಅವರ ಮೇಲೆಯೇ ಹರಿಹಾಯ್ದೆ. ನಾಚಿಕೆಗೇಡಿತನಕ್ಕೂ ಒಂದು ಮಿತಿ ಇರಬೇಕಿತ್ತು.

"ಅಮಾಸಿ ದಿನಾ ಕಾಗದ ಬರದ ಇಟ್ಟಿದ್ದೆರಿ," ಎಂದರು ಕಾಕಾ. "ಗ್ವಾಡಿ ಮ್ಯಾಲಿನ ನಿಮ್ಮ ತಾರೀಖು ನೋಡಿದೆ. ಸಾಹುಕಾರರ ಅಪ್ಪಣೆ ಮೀರಿಧಾಂಗ ಆದೀತು ಅಂತ ಒಯ್ಯಲಿಲ್ಲ."

ಗೋಕಾಕಕ್ಕೆ ಮರಳುವ ಮೋಟಾರಿನಲ್ಲಿ, ಸ್ಥಳದಲ್ಲಿದ್ದ ಮುನೀಮರೇ ಎಚ್ಚರ ತಪ್ಪಿದರು ಎಂದು ಸಾಹುಕಾರರಿಗೆ ಹೇಳುವ ಬಗೆಯನ್ನು ನಾನು ಹೊಂದಿಸಿಕೊಳ್ಳುತ್ತಿದ್ದೆ. ಘಟಪ್ರಭಾ ದಾಟುವವರೆಗೂ ಅದು ಚೆನ್ನಾಗಿಯೇ ಹೊಂದಿಕೊಂಡಿತ್ತು. ಆದರೆ ಸಾಹುಕಾರರ ಬಿಳಿಗಟ್ಟಿದ ಕಣ್ಣುಗಳ ಮುಂದೆ ನಿಂತಾಗ ಬಾಯಿಂದ ಬಂದದ್ದು ನಿಜ. ತಖ್ತೆಯ ತಪ್ಪನ್ನೂ ಹೇಳಿದೆ, ಇಲ್ಲದ ಅಪ್ಪಣೆಯನ್ನೂ ಹೇಳಿದೆ. ಅವರು ಕೈಯಿಂದ ತಡವಿ ತಖ್ತೆಯನ್ನು ನನ್ನ ಕಡೆಗೆ ಸರಿಸಿದರು.

"ನೀನಾಗಿ ಬಂದ ಹೇಳಿದಿ, ಛಲೋ ಆತು. ಇನ್ನ ಉಳದದ್ದನ್ನೂ ಪಂಚಾಂಗಕ್ಕ ಹಚ್ಚಿ ನೋಡು," ಎಂದರು.

ನೋಡಿದೆ. ತಿಥಿಯಿಂದ ನಡೆಯುವ ಕರಾರುಗಳು ಇನ್ನೂ ಒಂಬತ್ತು ಸಿಕ್ಕವು. ಕರಾರಿನಲ್ಲಿದ್ದ ತಿಥಿಯನ್ನು ಇದ್ದಂತೆಯೇ ಬರೆಯಲು ತಖ್ತೆಯಲ್ಲಿ ಒಂದು ಮನೆ ಹೆಚ್ಚಿಗೆ ಮಾಡಿದೆ. ಪ್ರತಿ ಯುಗಾದಿಗೆ ಹೊಸ ಪಂಚಾಂಗ ಬಂದಾಗ ಅದರ ಪಕ್ಕದ ತಾರೀಖನ್ನು ಹೊಸದಾಗಿ ತೆಗೆಯುವುದೆಂದಾಯಿತು. ಹಾಗಾಗಿ ಅವು ಉಳಿದವು. ಹುಕ್ಕೇರಿಯದು ಉಳಿಯಲಿಲ್ಲ. ಅಲ್ಲಿ ಬೇರೆ ಗೋದಾಮು ಸಿಗದೆ ಸಾಹುಕಾರರು ಆ ಅಂಗಡಿಯನ್ನೇ ಮುಚ್ಚಿ, ಕಾಕಾ ಅವರನ್ನು ಮೂಡಲಗಿಗೆ ಹಾಕಿದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವರು ಅವರು.

ಪಾಡವಾದ ದಿನ ಬೀಗದ ಕೈ ಒಪ್ಪಿಸಲು ನಾನೇ ಹೋಗಬೇಕಾಯಿತು. ಸಾಮಾನು ಹೇರಿದ ಎರಡು ಗಾಡಿ ಹೊರಗೆ ನಿಂತಿದ್ದವು. ಎಮ್ಮೆಯನ್ನು ಹಿಂದಿನ ವಾರವೇ ಮಾರಿದ್ದರಂತೆ. ಆದರೂ ಕಾಕಾ ಅವರ ಹೆಂಡತಿ ಬೆಳಿಗ್ಗೆ ಬೇಗ ಎದ್ದು ಅಂಗಳ ಸಾರಿಸಿ, ನೆರೆಮನೆಯಿಂದ ಸಗಣಿ ತಂದು ಪಾಡವಾಕ್ಕೆ ಕೂಡಿಸುವ ಪಾಂಡವರ ಗೊಂಬೆಗಳನ್ನು ಮಾಡಿ, ಹೂವೇರಿಸಿ ಹೊಸ್ತಿಲ ಎರಡೂ ಬದಿಗೆ ಕೂಡಿಸಿದ್ದರು. ಸಂಜೆಗೆ ಬೇರೆಯವರದಾಗುವ ಬಾಗಿಲು ಅದು. ನನ್ನನ್ನು ಒಳಗೆ ಕರೆದು, ಖಾಲಿ ಪಡಸಾಲೆಯಲ್ಲಿ ಎಲೆ ಹಾಕಿ ಹೋಳಿಗೆ ಬಡಿಸಿದರು. ತಪ್ಪು ನನ್ನದು ಎಂದು ಹೇಳಲು ಅವರ ಮುಖ ನೋಡಿದೆ.

ಅವರು ತಲೆಯ ಸೆರಗು ಸರಿಮಾಡಿಕೊಂಡು ಇನ್ನಷ್ಟು ತುಪ್ಪ ಹಾಕಿದರು.

"ಎಲ್ಲಾ ಗೊತ್ತೈತ್ರಿ. ಉಣ್ರಿ," ಎಂದರು. "ಹಬ್ಬದ ದಿನಾ ಈ ಮನ್ಯಾಗಿಂದ ಯಾರೂ ಹಸದು ಹೋಗಿಲ್ಲ. ಇವತ್ತೊಂದಿನಾ ಇದು ಇನ್ನೂ ನಮ್ಮನಿ."