ಕಪಿಲೆಯ ಹಳೆಯ ಅಳತೆ

ನಂಜನಗೂಡಿನ ಬಳಿ ಕಪಿಲಾ ಹೊಳೆಯ ನೀರಿನ ಮಟ್ಟ ನೋಡುವ ಕೆಲಸದಲ್ಲಿ ಪುಟ್ಟಬಸವಯ್ಯನವರು ಮೂವತ್ತೊಂದು ವರ್ಷ ಕಳೆದರು. ಮಳೆಗಾಲದ ಹಗಲೆಲ್ಲ ಗಂಟೆಗೊಮ್ಮೆ ಮೆಟ್ಟಿಲಿಳಿದು, ನೀರಿನಲ್ಲಿ ನೆಟ್ಟ ಅಳತೆಪಟ್ಟಿಯನ್ನು ಓದಿ, ರಿಜಿಸ್ಟರಿನಲ್ಲಿ ಬರೆದು, ಮೊಬೈಲಿನಲ್ಲಿ ಹೊಳೆಯ ಕೆಳದಿಕ್ಕಿನ ತಿ. ನರಸೀಪುರದ ಕಛೇರಿಗೆ ಕಳುಹಿಸುತ್ತಿದ್ದರು. ಅಲ್ಲಿನ ತಗ್ಗು ಬೀದಿಗಳ ಜನರಿಗೆ ಎಚ್ಚರಿಕೆ ಹೋಗುತ್ತಿದ್ದುದು ಆ ಅಂಕಿಯಿಂದ.

ಹಿಂದಿನ ವರ್ಷ ಕಛೇರಿಯ ಕಂಪ್ಯೂಟರ್ ಕೆಟ್ಟು, ಜುಲೈಯಿಂದ ಅಕ್ಟೋಬರಿನವರೆಗಿನ ಒಂದು ಅಳತೆಯೂ ದಾಖಲಾಗಲಿಲ್ಲ. ಅವರು ಫೋನಿನಲ್ಲಿ ಹೇಳಿದ್ದೆಲ್ಲ ಗಾಳಿಗೆ ಹೋಯಿತು. ಒಂದು ಗಂಟೆಯನ್ನೂ ತಪ್ಪಿಸದೆ ಬರೆದ ಆ ನಾಲ್ಕು ತಿಂಗಳು, ಜುಲೈ ಕೊನೆಯಲ್ಲಿ ತಾವು ನಿವೃತ್ತರಾಗುವ ಮುನ್ನ ದಾಖಲೆಗೆ ಸೇರಬೇಕೆಂಬುದೊಂದೇ ಅವರ ಆಸೆ.

ಈ ವರ್ಷ ಜೂನ್ ನಡುವೆ ಹಳೆಯ ಅಂಕಿಗಳನ್ನು ಕಳುಹಿಸಲು ಆರಂಭಿಸಿದರು. ಮೊದಲ ದಿನವೇ ಉತ್ಸಾಹದಿಂದ ಒಂದು ವಾರದ ಅಂಕಿಗಳನ್ನು ಒಟ್ಟಿಗೆ ಕಳುಹಿಸಿಬಿಟ್ಟರು. ಕಛೇರಿಯ ಮದನ್ ಫೋನ್ ಮಾಡಿದ.

“ಬಸವಣ್ಣೋರೇ, ಹನ್ನೊಂದು ಗಂಟೇದು ಎಲ್ಲಿ? ಕಪಿಲಮ್ಮ ನಿದ್ದೆ ಮಾಡ್ತಾವ್ಳಾ?”

“ಕಳ್ಸಿವ್ನಲ್ಲಪ್ಪ!”

“ಹೋದ್ ವರ್ಷದ್ದೆಲ್ಲ ಮುಂದೆ ಸಾಲು ನಿಂತದೆ ಕಣಣ್ಣ. ಇವತ್ತಿಂದು ಹಿಂದ್ಗಡೆ ಸಿಕ್ಕಾಕ್ಕೊಂಡದೆ.”

ಅವರ ಮುಖ ಬಾಡಿತು. ಮರುದಿನದಿಂದ ಕ್ರಮ ಬದಲಾಯಿತು. ಗಂಟೆಯಾದೊಡನೆ ಅಂದಿನ ಅಳತೆ. ಅದು ತಲುಪಿತೆಂದು ತಿಳಿದ ಮೇಲೆಯೇ ಹಳೆಯದು, ಅದೂ ಸ್ವಲ್ಪ ಸ್ವಲ್ಪ. ಮುಂದಿನ ಗಂಟೆಗೆ ಹತ್ತು ನಿಮಿಷವಿರುವಾಗ ನಿಲ್ಲಿಸುವುದು. ಹಳೆಯ ಪ್ರತಿಯೊಂದು ಅಂಕಿಗೂ ಅದನ್ನು ಅಳೆದ ದಿನದ ತಾರೀಖನ್ನೇ ಹಾಕುತ್ತಿದ್ದರು. ಹಳೆಯ ಪ್ರವಾಹದ ಅಂಕಿ ಕಂಡು ಇಂದು ಎಚ್ಚರಿಕೆ ಮೊಳಗದಂತೆ ಮದನ್ ಅವುಗಳನ್ನು ಬೇರೆಯಾಗಿ ಗುರುತಿಸಿಟ್ಟ. ಹೀಗೆ ದಿನಕ್ಕೆ ಮೂರು ಹಳೆಯ ದಿನಗಳು ಸೇರುತ್ತಿದ್ದವು.

ಹದಿನೆಂಟು ದಿನಗಳದ್ದು ಉಳಿದಿದ್ದಾಗ ಹೊಳೆ ಏರತೊಡಗಿತು. ಅರ್ಧ ಗಂಟೆಗೊಮ್ಮೆ ಅಳತೆ ಕಳುಹಿಸಬೇಕೆಂದು ಆದೇಶ ಬಂದಿತು, ಸಿಗ್ನಲ್ಲೂ ಕೈಕೊಡುತ್ತಿತ್ತು. ಪುಟ್ಟಬಸವಯ್ಯನವರು ಹಳೆಯ ರಿಜಿಸ್ಟರನ್ನು ಮುಚ್ಚಿ ಕಪಾಟಿನಲ್ಲಿಟ್ಟರು.

ನಿವೃತ್ತಿಗೆ ಎರಡು ದಿನವಿದ್ದಾಗ ಮದನ್ ಕೇಳಿದ: “ಹದಿನೆಂಟು ದಿನ ತಾನೇ ಅಣ್ಣ? ಒಂದೇ ಸಲ ತಳ್ಬುಡಿ. ನಿಮ್ಮ ಕೈಲೇ ಮುಗೀಲಿ.”

ಪುಟ್ಟಬಸವಯ್ಯನವರು ಕಪಾಟಿನತ್ತ ಒಮ್ಮೆ ನೋಡಿದರು.

“ಬ್ಯಾಡ ಕಣಪ್ಪ. ಓದ್ ವರ್ಸದ ನೀರು ಆಗ್ಲೇ ಹರ್ದೋಗದೆ. ಈಗ ಬರ್ತಿರೋದ್ನ ನಿಮ್ಮೂರ್ನೋರು ಕಾಯ್ತಾವ್ರೆ.”

ಕೊನೆಯ ದಿನವೂ ನೀರು ಇಳಿಯಲಿಲ್ಲ. ಅವರ ಜಾಗಕ್ಕೆ ಬಂದಿದ್ದ ಯಶೋಧರಾ ಎಂಬ ಹುಡುಗಿಗೆ ಹಳೆಯ ರಿಜಿಸ್ಟರನ್ನು ಕೊಟ್ಟು, ಅಕ್ಟೋಬರ್ ಹದಿನಾಲ್ಕರ ಪುಟವನ್ನು ತೋರಿಸಿದರು.

“ಇಲ್ಲಿಂದ ಮುಂದಕ್ಕೆ ನೀ ಕಳ್ಸವ್ವ. ಒಳೆ ತಣ್ಣಗಾಗ್ಲಿ. ಅವಸ್ರ ಮಾಡ್ಬ್ಯಾಡ.”

“ನಿಮ್ಮ ಹೆಸರೇ ಹಾಕ್ತೀನಿ ಸಾರ್.”

ಅವರು ಗಡಿಯಾರ ನೋಡಿದರು. ಐದೂವರೆಯಾಗಿತ್ತು. ಅವಳು ಮೆಟ್ಟಿಲಿಳಿದು ಅಳತೆ ಓದಿ ಬಂದು ಕಳುಹಿಸಿದಳು. ನರಸೀಪುರಕ್ಕೆ ಅದು ತಲುಪಿತೆಂಬುದನ್ನು ಅವಳ ಭುಜದ ಮೇಲಿಂದ ಬಾಗಿ ನೋಡಿಕೊಂಡ ಮೇಲೆಯೇ ಅವರು ಚಪ್ಪಲಿ ಮೆಟ್ಟಿದರು.