ಬಾಯಿ ಬಿಡದ ಚಿಪ್ಪುಗಳು

ಹೊನ್ನಾವರ ನಮ್ಮ ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಶಿಕಾರಿಪುರದಲ್ಲಿ ನನ್ನ ಸೋದರಮಾವನ ಮಿಲಿಟರಿ ಹೋಟೆಲಿಗೆ ಅಲ್ಲಿಂದಲೇ ಮೀನು ಬರುತ್ತಿತ್ತು. ಅಡಿಗೆಯಾಕೆಯೂ ಅಲ್ಲಿಯವಳೇ, ಗಂಡ ತೀರಿಕೊಂಡ ಮೇಲೆ ಸೊರಬದ ತಂಗಿಯ ಮನೆಗೆ ಬಂದವಳು; ಹೋಟೆಲಿನಲ್ಲಿ ಎಲ್ಲರೂ ಅವಳನ್ನು 'ಅಕ್ಕ' ಎನ್ನುತ್ತಿದ್ದೆವು. ನಾನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದು ರಜೆಗೆ ಬಂದಿದ್ದೆ. ಯಾರು ಏನೆಂದರೂ 'ಆಧಾರವೇನು?' ಎಂದು ಕೇಳುವ ಚಟ ಹತ್ತಿತ್ತು.

ಅದು ಸಂತೆಯ ದಿನ. ಬಂದ ಸಿಗಡಿಯಲ್ಲಿ ಹೆಚ್ಚಿನವುಗಳ ತಲೆ ಕಪ್ಪಾಗಿತ್ತು. ಅಕ್ಕ ಒಂದನ್ನು ಎತ್ತಿ ಮೂಸಿ ಬುಟ್ಟಿಯನ್ನೇ ಹೊರಗೆ ತಳ್ಳಿದಳು.

"ಬಣ್ಣ ನೋಡಿ ತೀರ್ಪು ಕೊಡೋದು ಯಾವ ನ್ಯಾಯ ಅಕ್ಕಾ?" ಎಂದೆ. ಕಪ್ ತಂದುಕೊಟ್ಟ ಭಾಷಣದಲ್ಲಿ ಇದೇ ಸಾಲಿತ್ತು.

"ಕಪ್ಪಷ್ಟೇ ಆದ್ರೆ ತಲೆ ಮುರಿದು ನೋಡ್ಬಹುದಿತ್ತು ತಮಾ. ಕಪ್ಪಾದ್ರೆ ಹಳೇದು ಅಂತ ಅಷ್ಟೇ ಲೆಕ್ಕ, ಕೆಟ್ಟಿದೆ ಅಂತಲ್ಲ. ಇದರ ವಾಸನೆ ನೋಡು."

ನೋಡಿದೆ. ಪ್ರಯೋಗಶಾಲೆಯ ಅಮೋನಿಯಾ ಬಾಟಲಿಯ ಬಿರಡೆ ತೆಗೆದಂತೆ ಘಾಟು ಮೂಗಿಗೆ ಹೊಡೆಯಿತು. ಮಾವ ಹುಣಸೆನೀರಲ್ಲಿ ತೊಳೆದರೆ ಹೋಗುವುದಿಲ್ಲವೇ ಎಂದ. "ವಾಸನೆ ಹೋಗ್ಬಹುದು, ಕೆಟ್ಟದ್ದು ಹೋಗೂದಿಲ್ಲ" ಎಂದಳು. ಮಾವ ಗೊಣಗುತ್ತ ಸಿಗಡಿಯನ್ನು ಗುಂಡಿಗೆ ಹಾಕಿಸಿದ. ನಾನು ಸೋತಿದ್ದೆ, ಅದೂ ಗಿರಾಕಿಗಳ ಎದುರು.

ಇನ್ನು ಉಳಿದದ್ದು ಒದ್ದೆ ಗೋಣಿಯಲ್ಲಿ ಜೀವಂತ ಬಂದ ಚಿಪ್ಪುಮೀನು ಮಾತ್ರ. ಅಕ್ಕ ಬಾಯಿ ತೆರೆದಿದ್ದವನ್ನು ಒಂದಕ್ಕೊಂದು ತಟ್ಟಿ ನೋಡಿ, ಮುಚ್ಚಿಕೊಳ್ಳದವನ್ನು ಎಸೆದಳು. ಉಳಿದವನ್ನು ಬೇಯಿಸಿದ ಮೇಲೆ ಬಾಯಿ ಬಿಡದ ಎರಡು ಬೊಗಸೆಯಷ್ಟನ್ನು ಆರಿಸಿ ಬೇರೆ ಇಟ್ಟಳು. ಮಾವನ ಮುಖ ಇನ್ನಷ್ಟು ಸಣ್ಣದಾಯಿತು. ನನಗೆ ಎಳೆ ಸಿಕ್ಕಿತು.

"ಬೇಯೋ ಮುಂಚೆ ಬಾಯಿ ತೆರೆದ್ರೆ ತಪ್ಪು, ಬೆಂದ ಮೇಲೆ ಮುಚ್ಚಿದ್ರೂ ತಪ್ಪು. ಪಾಪ, ಅದು ಏನು ಮಾಡ್ಬೇಕು ಹೇಳ್ರಿ?"

ಗಿರಾಕಿಗಳು ಗೊಳ್ಳೆಂದರು. "ವಕೀಲರಾಗ್ರಿ ನೀವು" ಎಂದ ತಾಲ್ಲೂಕು ಕಚೇರಿಯ ಗುಮಾಸ್ತ. ಅಕ್ಕ ನಗಲಿಲ್ಲ.

"ಜೀವ ಇದ್ರೆ ತಟ್ಟಿದಾಗ ಮುಚ್ಕೊಳ್ತದೆ, ಬೆಂದಾಗ ಬಿಟ್ಕೊಳ್ತದೆ. ಬಿಟ್ಕೊಳ್ಳದ್ದು ನನಗೆ ಅನುಮಾನ. ನಾ ಬಡಿಸೂದಿಲ್ಲ."

"ಅನುಮಾನ ಆಧಾರ ಅಲ್ಲ" ಎಂದು ಚಾಕು ತೆಗೆದುಕೊಂಡೆ. ಒಂದೊಂದನ್ನೇ ಮೀಟಿ ತೆಗೆದೆ. ಹೆಚ್ಚಿನವುಗಳಲ್ಲಿ ಮಾಂಸ ಚೆನ್ನಾಗಿಯೇ ಕಂಡಿತು. ಒಂದರಲ್ಲಿ ಬರೀ ಕರಿ ಕೆಸರು. ಅದನ್ನು ಯಾರಿಗೂ ಕಾಣದಂತೆ ಒಲೆಯ ಬೂದಿಗೆ ತಳ್ಳಿದೆ. ಮೂರೋ ನಾಲ್ಕೋ ನಾರುತ್ತಿದ್ದವು. ಆ ವಾಸನೆ ನನ್ನ ಮೂಗಿಗೆ ಬಂದಿತ್ತು, ಸ್ಪಷ್ಟವಾಗಿ ಬಂದಿತ್ತು. ಆದರೆ ಹೋಟೆಲೆಲ್ಲ ನನ್ನನ್ನೇ ನೋಡುತ್ತಿತ್ತು. ಅವನ್ನೂ ಸಾರಿಗೆ ಹಾಕಿದೆ.

"ಹಾಗಾದ್ರೆ ನೀನೇ ಮೊದಲು ಒಂದು ಬಾಯಿಗೆ ಹಾಕ್ಕೋ" ಎಂದಳು ಅಕ್ಕ.

ಊಟ ಆಗಿದೆ ಎಂದೆ. ಆಗಿರಲಿಲ್ಲ.

ಮರುದಿನ ಬೆಳಗ್ಗೆ ಗುಮಾಸ್ತನ ತಮ್ಮ ಬಂದು ಬಾಗಿಲಲ್ಲಿ ನಿಂತ. ನಿನ್ನೆ ಇಲ್ಲಿ ಚಿಪ್ಪಿನ ಸಾರು ಉಂಡ ಅಣ್ಣನಿಗೆ ವಾಂತಿಭೇದಿ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದ. ನಾಲ್ಕು ದಿನಕ್ಕೆ ಆತ ಎದ್ದು ಓಡಾಡಿದ, ಆದರೆ ಆ ಬೆಳಗ್ಗೆ ಅದು ಯಾರಿಗೂ ಗೊತ್ತಿರಲಿಲ್ಲ. ಮಾವ ಒಳಗೆ ಬಂದು, "ಆ ಚಿಪ್ಪು ಹಾಕಿದ್ದು ಯಾರು?" ಎಂದ. ಅಕ್ಕ ನನ್ನನ್ನು ನೋಡಿದಳು. ನಾನು ಮೂಲೆಯಲ್ಲಿದ್ದ ಚಿಪ್ಪಿನ ರಾಶಿಯನ್ನು ನೋಡಿದೆ. ಎದುರಾಳಿಗೆ ಕ್ಷಣವೂ ಬಿಡುವು ಕೊಡದೆ ಉತ್ತರಿಸುವವನು ಎಂದು ತೀರ್ಪುಗಾರರು ಮೆಚ್ಚಿದ್ದ ನಾಲಿಗೆ ನನ್ನದು. ಮಾವ ಅಕ್ಕನ ಸಂಬಳದ ಲೆಕ್ಕ ಮುಗಿಸಿದ; ಮಧ್ಯಾಹ್ನದ ಬಸ್ಸಿಗೆ ಅವಳು ಸೊರಬಕ್ಕೆ ಹೊರಟಳು.

ಹತ್ತು ದಿನ ತಡೆದು ಸೊರಬಕ್ಕೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ತಂಗಿಯ ಮನೆಯ ಜಗಲಿಯಲ್ಲಿ ಅಕ್ಕ ಅಕ್ಕಿ ಆರಿಸುತ್ತಿದ್ದಳು. ಕ್ಷಮೆ ಕೇಳಲು ಬಂದವನ ಬಾಯಿಂದ ಮೊದಲು ಬಂದದ್ದು ಇದು: "ಆತ ಸಂತೇಲಿ ಬೇರೆ ಏನಾದ್ರೂ ತಿಂದಿರಬಹುದು. ಚಿಪ್ಪಿಂದಲೇ ಆಯ್ತು ಅನ್ನೋಕೆ ಆಧಾರ ಇಲ್ಲ ಅಕ್ಕಾ."

"ಇಲ್ಲ" ಎಂದು ಒಪ್ಪಿದಳು. ಕಲ್ಲೊಂದನ್ನು ಅಂಗಳಕ್ಕೆ ಎಸೆದಳು. "ಹಾಕಿದ್ದು ನೀನು ಅಂತ ಮಾವಂಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ ಇಲ್ಲಿಗೆ ಬಂದು ಏನು ಮಾಡ್ತೀ?"

ಮುಂದಿನ ಬಸ್ಸಿಗೇ ತಿರುಗಿ ಬಂದೆ. ಮಾವ ಗಲ್ಲಾದ ಹತ್ತಿರ ಎಲೆ ಅಡಿಕೆ ಹಾಕುತ್ತ ಕೂತಿದ್ದ. ಎಲ್ಲವನ್ನೂ ಹೇಳಿದೆ; ನಾರಿದ್ದನ್ನೂ, ಉಣ್ಣದೆ ಸುಳ್ಳು ಹೇಳಿದ್ದನ್ನೂ. ಅಕ್ಕನನ್ನು ಮತ್ತೆ ಕರೆಸು ಎಂದೆ. ಅವನು ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಬಿಡೋ. ನೀ ಚಾಕು ಹಿಡಿದಾಗ ನಾ ಇಲ್ಲೇ ಕೂತಿದ್ನಲ್ಲ."

"ಮತ್ತೆ ಯಾರು ಅಂತ ಕೇಳಿದ್ಯಾಕೆ?"

"ಬಾಗಿಲಲ್ಲಿ ಅವನ ತಮ್ಮ ನಿಂತಿದ್ದ. ಯಾರನ್ನಾದ್ರೂ ಕಳಿಸ್ಬೇಕಿತ್ತು. ನೀ ನನ್ನ ಒಡಹುಟ್ಟಿದವಳ ಮಗ, ನಿನ್ನ ಕಳಿಸೋಕಾಗ್ತದಾ?"

ಒಳಗೆ ಹೊಸ ಅಡಿಗೆಯವನು ಚಿಪ್ಪು ಬೇಯಿಸಿ ಇಳಿಸುತ್ತಿದ್ದ. ನಾನು ಹೋಗಿ ಪಾತ್ರೆಯ ಪಕ್ಕ ಕೂತು, ಬಾಯಿ ಬಿಡದವನ್ನು ಆರಿಸತೊಡಗಿದೆ. ಯಾಕೆ ಎಂದು ಅವನು ಕೇಳಿದ. ಅಕ್ಕ ಹೇಳಿದ್ದನ್ನೇ ಹೇಳಿದೆ. ಆಧಾರವೇನು ಎಂದು ಅವನು ಕೇಳಲಿಲ್ಲ.